‘ನಮಸ್ಕಾರ’ದ ನಂತರದ ಮೌನ: ರಾತ್ರಿ ಪಾಳಿಗೆ ಟಿಪ್ಪಣಿ

ಪ್ರಶ್ನೆ: ಮುಂಬಯಿಯ ಕನ್ನಡ ಸಹಾಯ ಚಾಟ್‌ನಲ್ಲಿ ನಮಸ್ಕಾರ ಎಂದಷ್ಟೇ ಬರೆದು ಮಾಯವಾಗುವವರ ಬಗ್ಗೆ ರಾತ್ರಿ ಪಾಳಿಯವರಿಗೆ ಏನು ಬರೆದಿಡಲಿ?

ಉತ್ತರ: ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ. ‘ಸುಮ್ಮನೆ ಬಂದವರು’ ಎಂಬ ಷರಾ ಬೇಡವೇ ಬೇಡ. ಅದನ್ನು ಓದಿದವರು ಮುಂದಿನ ಸಲ ಉದಾಸೀನರಾಗುತ್ತಾರೆ. ಡೊಂಬಿವಲಿಯ ಒಂದೇ ಕೋಣೆಯ ಮನೆಯಲ್ಲಿ ಪಕ್ಕದಲ್ಲಿ ಮಲಗಿದವರು ಎದ್ದರೂ ಮೊಬೈಲ್ ಮುಚ್ಚಿಡಬೇಕಾಗುತ್ತದೆ.

ನಾನು ಹೀಗೆ ಬರೆದಿಡುತ್ತೇನೆ: ‘11.40ಕ್ಕೆ “ನಮಸ್ಕಾರ ಅಕ್ಕಾ” ಎಂದರು. ಕೂಡಲೇ ಉತ್ತರಿಸಿದೆ. 11.46ಕ್ಕೆ “ಈಗ ಬರೆಯಲು ಅನುಕೂಲವಿದೆಯೇ? ಹೌದು, ಇಲ್ಲ ಎಂದರೂ ಸಾಕು” ಎಂದೆ. 11.55ಕ್ಕೆ “ಯಾವಾಗ ಬೇಕಾದರೂ ಬರೆಯಿರಿ, ತುರ್ತಿದ್ದರೆ 112” ಎಂದು ಮುಗಿಸಿದೆ. ಈ ವಾರ ಇದು ಮೂರನೇ ಸಲ. ಮತ್ತೆ ಬಂದರೆ ಹೆಸರು, ಊರು ಕೇಳದೆ ಅದೇ ಹೌದು–ಇಲ್ಲ ಪ್ರಶ್ನೆಯಿಂದ ಆರಂಭಿಸಿ.’

ನಾವಾಗಿ ಕರೆ ಮಾಡಬಾರದು ಎಂದೂ ಸೇರಿಸಿ. ಆ ಹೊತ್ತಿಗೆ ಫೋನ್ ಯಾರ ಕೈಯಲ್ಲಿರುತ್ತದೆಯೋ ತಿಳಿಯದು.