ಮೈಟೋಸಿಸ್ಸೋ ಮಿಯೋಸಿಸ್ಸೋ? ಮೊದಲು ಸೆಂಟ್ರೋಮಿಯರ್ ನೋಡಿ

ಪ್ರಶ್ನೆ: ನಾನು ಪ್ರಥಮ ಪಿಯುಸಿ. 2n = 4 ಇರುವ ಜೀವಕೋಶದ ನಾಲ್ಕು ಚಿತ್ರ ಕೊಟ್ಟು ಹಂತ ಗುರುತಿಸಿ ಅಂದಿದ್ದರು. ಮೊದಲನೆಯದರಲ್ಲಿ ನಾಲ್ಕು ಕ್ರೋಮೋಸೋಮ್ ನಡುವೆ ಒಂದೇ ಸಾಲಿನಲ್ಲಿದ್ದವು. ಎರಡನೆಯದರಲ್ಲಿ ನಡುವೆ ಎರಡು ಜೋಡಿ ಇದ್ದವು. ಮೂರನೆಯದರಲ್ಲಿ ಎರಡೆಳೆಯ ಕ್ರೋಮೋಸೋಮ್ ಆ ಕಡೆ ಎರಡು, ಈ ಕಡೆ ಎರಡು. ನಾಲ್ಕನೆಯದರಲ್ಲಿ ಒಂಟಿ ಎಳೆಗಳು ಆ ಕಡೆ ಎರಡು, ಈ ಕಡೆ ಎರಡು. ಮೊದಲ ಎರಡಕ್ಕೆ ಮೈಟೋಸಿಸ್ ಮೆಟಾಫೇಸ್, ಉಳಿದೆರಡಕ್ಕೆ ಮೈಟೋಸಿಸ್ ಅನಾಫೇಸ್ ಅಂತ ಬರೆದೆ. ಒಂದೇ ಸರಿ ಬಂತು. ಯಾಕೆ?

ಉತ್ತರ: ಹಂತದ ಹೆಸರನ್ನು ನೀವು ನಾಲ್ಕೂ ಕಡೆ ಸರಿಯಾಗಿಯೇ ಹಿಡಿದಿದ್ದೀರಿ. ನಡುವೆ ನಿಂತರೆ ಮೆಟಾಫೇಸ್, ದೂರ ಸರಿದರೆ ಅನಾಫೇಸ್. ಎಡವಿದ್ದು ಯಾವ ವಿಭಜನೆ ಅನ್ನುವುದರಲ್ಲಿ. ಮೊದಲ ಚಿತ್ರ ಮೈಟೋಸಿಸ್, ಅದು ಸರಿ.

ಎರಡನೆಯದು ಮಿಯೋಸಿಸ್‌ನ ಮೆಟಾಫೇಸ್ 1. ಮೈಟೋಸಿಸ್‌ನಲ್ಲಿ ಅಪ್ಪನಿಂದ ಬಂದ ಕ್ರೋಮೋಸೋಮ್‌ಗೂ ಅಮ್ಮನಿಂದ ಬಂದ ಅದರ ಜತೆಗಾರನಿಗೂ ಮಾತುಕತೆಯೇ ಇರುವುದಿಲ್ಲ, ತಮ್ಮ ಪಾಡಿಗೆ ಸಾಲಿನಲ್ಲಿ ನಿಲ್ಲುತ್ತವೆ. ಎದುರುಬದುರು ಜೋಡಿಯಾಗಿ ನಿಂತಿವೆ ಅಂದರೆ ಅದು ಮಿಯೋಸಿಸ್ 1.

ಜಾಸ್ತಿ ಜನ ಬೀಳುವುದು ಮೂರನೆಯದರಲ್ಲಿ. ಇಲ್ಲಿ ಸೆಂಟ್ರೋಮಿಯರನ್ನೇ ದಿಟ್ಟಿಸಿ ನೋಡಬೇಕು. ತೋಳುಗಳು ಬಿಡಿಸಿಕೊಂಡು ಹಿಂದೆ ಜೋತಾಡುತ್ತಿರುತ್ತವೆ, ಹಾಗಾಗಿ ಎಳೆಗಳು ಬೇರೆಯಾದವು ಅನ್ನಿಸುತ್ತದೆ. ಆದರೆ ಸೆಂಟ್ರೋಮಿಯರ್ ಹತ್ತಿರ ಎರಡೂ ಇನ್ನೂ ಅಂಟಿಕೊಂಡೇ ಇವೆ. ಎಳೆಗಳನ್ನು ಹಿಡಿದಿಟ್ಟ ಪ್ರೋಟೀನು ಆ ಹೊತ್ತಿಗೆ ತೋಳುಗಳಲ್ಲಿ ಮಾತ್ರ ಕಡಿದುಹೋಗಿರುತ್ತದೆ, ಸೆಂಟ್ರೋಮಿಯರ್ ಬಳಿ ಉಳಿದಿರುತ್ತದೆ. ಬೇರೆಯಾದದ್ದು ಜೋಡಿ, ಎಳೆಗಳಲ್ಲ. ಅದಕ್ಕೇ ಇದು ಅನಾಫೇಸ್ 1.

ನಾಲ್ಕನೆಯದರಲ್ಲಿ ಸೆಂಟ್ರೋಮಿಯರ್ ನಿಜವಾಗಿಯೂ ಸೀಳಿದೆ, ಮೈಟೋಸಿಸ್‌ನಲ್ಲೂ ಸೀಳುತ್ತದೆ. ಅಲ್ಲಿಗೇ ನಿಲ್ಲಿಸದೆ ಎಣಿಸಬೇಕಿತ್ತು. ಒಂದು ಸೆಂಟ್ರೋಮಿಯರ್ ಅಂದರೆ ಒಂದು ಕ್ರೋಮೋಸೋಮ್ ಅಂತ ಲೆಕ್ಕ ಹಿಡಿಯಿರಿ. 2n = 4 ಇರುವ ಕೋಶ ಮೈಟೋಸಿಸ್ ಅನಾಫೇಸ್‌ಗೆ ಬಂದಾಗ ಒಂದೊಂದು ಕಡೆ ನಾಲ್ಕು, ಒಟ್ಟು ಎಂಟು ಇರಬೇಕು. ನಿಮ್ಮ ಚಿತ್ರದಲ್ಲಿ ಒಟ್ಟು ನಾಲ್ಕೇ ಇವೆ. ಅಂದರೆ ಎರಡೇ ಕ್ರೋಮೋಸೋಮ್ ಇದ್ದ ಕೋಶ ಒಡೆಯುತ್ತಿದೆ. ಅದು ಅನಾಫೇಸ್ 2.

2n ಎಷ್ಟು ಅಂತ ಕೊಡದೇ ಇದ್ದರೆ ಈ ಎಣಿಕೆ ಕೆಲಸಕ್ಕೆ ಬರುವುದಿಲ್ಲ. ಆಗ ಉದ್ದ ನೋಡಿ. ಒಂದು ಕಡೆ ಎರಡು ಉದ್ದದವು, ಎರಡು ಗಿಡ್ಡನೆಯವು ಹೋಗುತ್ತಿದ್ದರೆ ಜತೆಗಾರರು ಒಟ್ಟಿಗೇ ಇದ್ದಾರೆ, ಅದು ಮೈಟೋಸಿಸ್. ಉದ್ದದ್ದು ಒಂದು, ಗಿಡ್ಡದ್ದು ಒಂದು ಇದ್ದರೆ ಮಿಯೋಸಿಸ್ 2. ಗಂಡು ಜೇನಿನಂಥ ಜೀವಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅದು ಫಲಗೊಳ್ಳದ ಮೊಟ್ಟೆಯಿಂದ ಹುಟ್ಟುತ್ತದೆ, ಜತೆಗಾರ ಕ್ರೋಮೋಸೋಮ್ ಮೊದಲಿನಿಂದಲೂ ಇಲ್ಲ. ನಿಮ್ಮ ಪರೀಕ್ಷೆಯಲ್ಲಿ ಅಂಥದ್ದನ್ನು ಹೇಳದೇ ಕೇಳುವುದಿಲ್ಲ ಬಿಡಿ.

ನೀವೇ ಚಿತ್ರ ಬರೆಯುವಾಗ ಜತೆಗಾರರಿಗೆ ಎರಡು ಬಣ್ಣ ಹಚ್ಚಿ. ಮಿಯೋಸಿಸ್‌ನಲ್ಲಿ ತುಂಡು ಅದಲುಬದಲಾದ ಮೇಲೆ ಎಳೆಯ ತುದಿಗೆ ಇನ್ನೊಂದು ಬಣ್ಣ ಬರುತ್ತದೆ. ಮೈಟೋಸಿಸ್ ಅಂತ ಹೆಸರು ಬರೆದ ಚಿತ್ರದಲ್ಲಿ ಅಂಥ ತುದಿ ಕಂಡರೆ ಅಲ್ಲೇ ಅಳಿಸಿ ತಿದ್ದಿಬಿಡಿ.