ಮೊಸರನ್ನದಲ್ಲಿ ಡಾಕ್ಸಿಸೈಕ್ಲಿನ್ ಬೇಡ

“ನಮ್ಮ ನಾಯಿಗೆ ಟಿಕ್ ಫೀವರ್. ಡಾಕ್ಸಿಸೈಕ್ಲಿನ್ ಮಾತ್ರೆ ಮೊಸರನ್ನದಲ್ಲಿ ಇಟ್ಟರೆ ಅನ್ನ ತಿಂದು ಮಾತ್ರೆ ಉಗುಳುತ್ತೆ. ಟಾನಿಕ್ ಬಾಟಲಿ ನೋಡಿದರೆ ಮಂಚದ ಕೆಳಗೆ ಓಡುತ್ತೆ. ಏನು ಮಾಡಲಿ?”

ಮೊದಲು ಮೊಸರು ಬಿಡಿ. ಅದರ ಕ್ಯಾಲ್ಸಿಯಂ ಈ ಔಷಧಿಗೆ ಅಂಟಿಕೊಂಡು, ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಪನೀರ್, ರಾಗಿ ಮುದ್ದೆ ಕೂಡ ಆ ಹೊತ್ತಿಗೆ ಬೇಡ.

ಊಟಕ್ಕೆ ಮುಂಚೆ, ಹಸಿದಿರುವಾಗ, ಬೇಯಿಸಿದ ಚಿಕನ್ ಅಥವಾ ಗೆಣಸಿನ ಮೂರು ಪುಟ್ಟ ಉಂಡೆ ಮಾಡಿ. ಉಪ್ಪು, ಈರುಳ್ಳಿ ಹಾಕಬೇಡಿ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ. ಎರಡನೆಯದು ಬಾಯಲ್ಲಿರುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಿರಿ. ಅದರ ಆಸೆಗೆ ಅಗಿಯದೆ ನುಂಗಿಬಿಡುತ್ತದೆ. ಮಾತ್ರೆ ಮುಟ್ಟಿದ ಕೈಯಲ್ಲೇ ಉಂಡೆ ಕಟ್ಟಬೇಡಿ, ವಾಸನೆ ಹಿಡಿಯುತ್ತದೆ. ಕೂಡಲೇ ಊಟ, ನೀರು ಕೊಡಿ. ಈ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗಬಹುದು.

ಟಾನಿಕ್‌ಗೆ ಸೂಜಿ ಇಲ್ಲದ ಸಿರಿಂಜ್ ಸಾಕು. ಎರಡು ದಿನ ಅದರಲ್ಲಿ ಸುಮ್ನೆ ಚಿಕನ್ ನೀರು ನೆಕ್ಕಿಸಿ, ಭಯ ಹೋಗಲಿ. ಆಮೇಲೆ ಕೆನ್ನೆ ಮತ್ತು ಹಲ್ಲಿನ ಸಂದಿಯಲ್ಲಿ ತುದಿ ಇಟ್ಟು, ಒಂದೊಂದು ಎಂಎಲ್ ಬಿಟ್ಟು, ನುಂಗುವವರೆಗೆ ಕಾಯಿರಿ. ತಲೆ ಮೇಲಕ್ಕೆ ಎತ್ತಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಕೆಮ್ಮಿದರೆ ತಕ್ಷಣ ನಿಲ್ಲಿಸಿ. ಟಾನಿಕ್‌ನಲ್ಲಿ ಕಬ್ಬಿಣ ಅಥವಾ ಕ್ಯಾಲ್ಸಿಯಂ ಇದ್ದರೆ ಮಾತ್ರೆಗೂ ಅದಕ್ಕೂ ಎಷ್ಟು ಗಂಟೆ ಅಂತರ ಬೇಕು ಅಂತ ವೈದ್ಯರನ್ನು ಕೇಳಿ.

ಮಾತ್ರೆ ವಾಂತಿಯಾದರೆ ಇನ್ನೊಂದು ಕೊಡಬೇಡಿ, ಮೊದಲು ಅವರಿಗೆ ಫೋನ್ ಮಾಡಿ.