ಹನ್ನೆರಡು ಮಿಲಿವ್ಯಾಟ್ ಎಲ್ಲಿ ಹೋಯಿತು?

ಪ್ರಶ್ನೆ: ಸೌರಕೋಶದ ಪ್ರಯೋಗದಲ್ಲಿ ನನಗೆ ತೆರೆದ ಮಂಡಲದ ವೋಲ್ಟೇಜ್ 0.56 ವೋಲ್ಟ್, ಶಾರ್ಟ್ ಸರ್ಕ್ಯೂಟ್ ಪ್ರವಾಹ 119 ಮಿಲಿಆಂಪಿಯರ್ ಬಂದವು. ಆದರೆ ಫಿಲ್ ಫ್ಯಾಕ್ಟರ್ ಬರೀ 0.48. ಪುಸ್ತಕದಲ್ಲಿ 0.7ಕ್ಕಿಂತ ಹೆಚ್ಚು ಎಂದಿದೆ. ವೋಲ್ಟ್‌ಮೀಟರನ್ನು ರೋಧ ಪೆಟ್ಟಿಗೆಗೆ ಅಡ್ಡಲಾಗಿ ಜೋಡಿಸಿದ್ದೆ. ತಪ್ಪೆಲ್ಲಿ? ಇನ್ನೊಂದು ಸಂದೇಹ: ಎಲ್‌ಇಡಿ, ಫೋಟೊಡಯೋಡ್, ಸೌರಕೋಶ ಮೂರೂ ಪಿ-ಎನ್ ಸಂಧಿಗಳೇ ಆಗಿದ್ದರೆ ಒಂದು ಬೆಳಕು ಕೊಡುವುದು, ಉಳಿದೆರಡು ಬೆಳಕು ಪಡೆಯುವುದು ಹೇಗೆ? ಫೋಟೊಡಯೋಡನ್ನು ಮಾತ್ರ ರಿವರ್ಸ್ ಬಯಾಸ್‌ನಲ್ಲಿ ಇಡುವುದೇಕೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಕೋಶವನ್ನು ಅನುಮಾನಿಸುವ ಮೊದಲು ವೋಲ್ಟ್‌ಮೀಟರ್ ಇದ್ದ ಜಾಗವನ್ನು ನೋಡಬೇಕು. ಕಾಣೆಯಾದ ಸಾಮರ್ಥ್ಯದ ಬಹುಪಾಲು ಅಲ್ಲಿಯೇ ಸಿಗುತ್ತದೆ. ಆದರೆ ಅದು ಏಕೆ ಎಂದು ತಿಳಿಯಲು ಸಂಧಿಯೊಳಗೆ ನಡೆಯುವುದನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ನಿಮ್ಮ ಎರಡನೆಯ ಪ್ರಶ್ನೆಯ ಉತ್ತರವೂ ಅದರಲ್ಲಿಯೇ ಇದೆ.

ಕೋಶದ ಮೇಲೆ ಬೆಳಕು ಬಿದ್ದಾಗ, ಸಿಲಿಕಾನ್‌ನ ಶಕ್ತಿ ಅಂತರವಾದ 1.12 ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿಯಿರುವ ಫೋಟಾನ್ ಒಂದು ಎಲೆಕ್ಟ್ರಾನ್-ರಂಧ್ರ ಜೋಡಿಯನ್ನು ಹುಟ್ಟಿಸುತ್ತದೆ. ಸಂಧಿಯಲ್ಲಿ ಮೊದಲೇ ಇರುವ ವಿದ್ಯುತ್ ಕ್ಷೇತ್ರವು ಎಲೆಕ್ಟ್ರಾನನ್ನು ಎನ್ ಕಡೆಗೂ ರಂಧ್ರವನ್ನು ಪಿ ಕಡೆಗೂ ತಳ್ಳುತ್ತದೆ. ಹೀಗೆ ಹುಟ್ಟುವ ಪ್ರವಾಹವು ಬೀಳುವ ಬೆಳಕನ್ನು ಅವಲಂಬಿಸಿದೆಯೇ ಹೊರತು, ಕೋಶದ ತುದಿಗಳಲ್ಲಿರುವ ವೋಲ್ಟೇಜನ್ನು ಹೆಚ್ಚುಕಡಿಮೆ ಅವಲಂಬಿಸಿಲ್ಲ. ವೋಲ್ಟೇಜನ್ನು ಅಡ್ಡ ಅಕ್ಷದಲ್ಲೂ ಪ್ರವಾಹವನ್ನು ಲಂಬ ಅಕ್ಷದಲ್ಲೂ ಇಟ್ಟು ನಿಮ್ಮ ಅಳತೆಗಳಿಂದ ಎಳೆಯುವ ರೇಖೆಯ ಎಡಭಾಗ ಬಹುತೇಕ ಮಟ್ಟಸವಾಗಿರುವುದು ಈ ಕಾರಣದಿಂದ.

ಹೊರಗಿನ ರೋಧವನ್ನು ಹೆಚ್ಚಿಸುತ್ತಾ ಹೋದಂತೆ ಕೋಶದ ತುದಿಗಳಲ್ಲಿ ವೋಲ್ಟೇಜ್ ಏರುತ್ತದೆ, ಮತ್ತು ಆ ವೋಲ್ಟೇಜ್ ಅದೇ ಸಂಧಿಗೆ ಫಾರ್ವರ್ಡ್ ಬಯಾಸ್ ಆಗಿ ಕೆಲಸ ಮಾಡುತ್ತದೆ. ಆಗ ಬೆಳಕಿನ ಪ್ರವಾಹಕ್ಕೆ ಎದುರು ದಿಕ್ಕಿನಲ್ಲಿ ಡಯೋಡಿನ ಸಾಮಾನ್ಯ ಫಾರ್ವರ್ಡ್ ಪ್ರವಾಹ ಹರಿಯತೊಡಗುತ್ತದೆ. ಕೋಣೆಯ ತಾಪದಲ್ಲಿ ಆದರ್ಶ ಡಯೋಡ್ ಒಂದರಲ್ಲಿ ಈ ಪ್ರವಾಹವು ಪ್ರತಿ 60 ಮಿಲಿವೋಲ್ಟ್ ಏರಿಕೆಗೆ ಸುಮಾರು ಹತ್ತು ಪಟ್ಟು ಹೆಚ್ಚುವುದರಿಂದ, 0.3 ವೋಲ್ಟ್‌ವರೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ, 0.4 ವೋಲ್ಟ್ ದಾಟಿದ ಮೇಲೆ ಮಾತ್ರ ನಮ್ಮ ಪ್ರವಾಹವನ್ನು ವೇಗವಾಗಿ ತಿನ್ನತೊಡಗುತ್ತದೆ. ರೇಖೆಯ ಬಾಗು ಎಂದರೆ ಇದೇ. 0.56 ವೋಲ್ಟ್‌ನಲ್ಲಿ ಎರಡು ಪ್ರವಾಹಗಳೂ ಸಮನಾಗಿ, ಹೊರಗೆ ಏನೂ ಉಳಿಯುವುದಿಲ್ಲ.

ರೇಖೆಯ ಮೇಲಿನ ಯಾವುದೇ ಬಿಂದುವಿನಿಂದ ಎರಡೂ ಅಕ್ಷಗಳಿಗೆ ಗೆರೆ ಎಳೆದರೆ ಒಂದು ಆಯತ ಸಿಗುತ್ತದೆ. ಅದರ ವಿಸ್ತೀರ್ಣವೇ ಆ ಬಿಂದುವಿನಲ್ಲಿ ಕೋಶ ಹೊರಗೆ ಕೊಡುವ ಸಾಮರ್ಥ್ಯ. ಎಡ ತುದಿಯಲ್ಲಿ ವೋಲ್ಟೇಜ್ ಸೊನ್ನೆ, ಬಲ ತುದಿಯಲ್ಲಿ ಪ್ರವಾಹ ಸೊನ್ನೆ. ಎರಡು ಕಡೆಯೂ ಆಯತಕ್ಕೆ ವಿಸ್ತೀರ್ಣವಿಲ್ಲ. ನಡುವೆ ಬಾಗಿನ ಹತ್ತಿರ ಎಲ್ಲೋ ಅತಿ ದೊಡ್ಡ ಆಯತ ಕೂರುತ್ತದೆ, ಅದರ ಮೂಲೆಯೇ ಗರಿಷ್ಠ ಸಾಮರ್ಥ್ಯದ ಬಿಂದು. ತೆರೆದ ಮಂಡಲದ ವೋಲ್ಟೇಜನ್ನೂ ಶಾರ್ಟ್ ಸರ್ಕ್ಯೂಟ್ ಪ್ರವಾಹವನ್ನೂ ಬಾಹುಗಳಾಗಿ ಉಳ್ಳ ಹೊರಗಿನ ಆಯತದಲ್ಲಿ ಈ ಒಳ ಆಯತ ಎಷ್ಟು ಪಾಲು ತುಂಬುತ್ತದೆ ಎಂಬುದನ್ನು ಫಿಲ್ ಫ್ಯಾಕ್ಟರ್ ಹೇಳುತ್ತದೆ. ಹೊರಗಿನ ಆಯತದ ಸಾಮರ್ಥ್ಯವನ್ನು ಯಾವ ಕೋಶವೂ ಕೊಡಲಾರದು, ಏಕೆಂದರೆ ಆ ಎರಡು ಅಳತೆಗಳು ಒಟ್ಟಿಗೆ ಎಂದೂ ಸಂಭವಿಸುವುದಿಲ್ಲ.

ಈಗ ನಿಮ್ಮ ಅಂಕಿಗಳಿಗೆ ಬರೋಣ. 0.56 ಮತ್ತು 119 ಮಿಲಿಆಂಪಿಯರ್‌ಗಳ ಗುಣಲಬ್ಧ 66.6 ಮಿಲಿವ್ಯಾಟ್. ಫಿಲ್ ಫ್ಯಾಕ್ಟರ್ 0.48 ಎಂದರೆ ನಿಮ್ಮ ಗರಿಷ್ಠ ಸಾಮರ್ಥ್ಯ ಸುಮಾರು 32 ಮಿಲಿವ್ಯಾಟ್, ಅಂದರೆ 0.34 ವೋಲ್ಟ್ ಮತ್ತು 95 ಮಿಲಿಆಂಪಿಯರ್‌ನ ಆಸುಪಾಸು ಎಂದು ಇಟ್ಟುಕೊಳ್ಳೋಣ. ಇಲ್ಲಿ ಗಮನಿಸಬೇಕಾದದ್ದೆಂದರೆ, ಕೋಶಕ್ಕೂ ರೋಧ ಪೆಟ್ಟಿಗೆಗೂ ನಡುವೆ ಆಮ್ಮೀಟರ್ ಮತ್ತು ತಂತಿಗಳು ಇವೆ. ಡಿಜಿಟಲ್ ಮಲ್ಟಿಮೀಟರಿನ 200 ಮಿಲಿಆಂಪಿಯರ್ ಶ್ರೇಣಿಯಲ್ಲಿ ಒಳಗಿನ ಷಂಟ್ ರೋಧವೇ ಸಾಮಾನ್ಯವಾಗಿ ಒಂದು ಓಮ್ ಇರುತ್ತದೆ. ಫ್ಯೂಸ್, ಸಡಿಲವಾದ ಕ್ಲಿಪ್ಪು, ಉದ್ದನೆಯ ತಂತಿಗಳು ಸೇರಿದರೆ 1.2 ಓಮ್ ಆಗುವುದು ಅಸಹಜವಲ್ಲ. ಬೇರೆ ಮಂಡಲಗಳಲ್ಲಿ ಇಷ್ಟನ್ನು ಮರೆತರೂ ನಡೆಯುತ್ತದೆ. ಇಲ್ಲಿ ಕೋಶಕ್ಕೆ ಬೇಕಾದ ರೋಧವೇ ನಾಲ್ಕು ಓಮ್ ಆಗಿರುವಾಗ ಅದರ ಕಾಲುಭಾಗಕ್ಕಿಂತ ಹೆಚ್ಚನ್ನು ಮರೆಯುವಂತಿಲ್ಲ.

95 ಮಿಲಿಆಂಪಿಯರ್ ಪ್ರವಾಹ 1.2 ಓಮ್‌ನಲ್ಲಿ ಹರಿದರೆ 0.114 ವೋಲ್ಟ್ ಅಲ್ಲಿಯೇ ಇಳಿಯುತ್ತದೆ. ಹಾಗಾಗಿ ನಿಮ್ಮ ವೋಲ್ಟ್‌ಮೀಟರ್ 0.34 ತೋರಿಸುತ್ತಿದ್ದಾಗ ಕೋಶದ ತುದಿಗಳಲ್ಲಿ ನಿಜವಾಗಿ ಸುಮಾರು 0.45 ವೋಲ್ಟ್ ಇತ್ತು, ಸಾಮರ್ಥ್ಯ 43 ಮಿಲಿವ್ಯಾಟ್ ಇತ್ತು. ಅದರ ಪಕ್ಕದ ಬಿಂದುವನ್ನೂ ಹೀಗೆಯೇ ತಿದ್ದಿ ನೋಡಿ. ಪೆಟ್ಟಿಗೆಯ ಮೇಲೆ 0.31 ವೋಲ್ಟ್, 102 ಮಿಲಿಆಂಪಿಯರ್ ಇದ್ದರೆ ಕಾಣುವ ಸಾಮರ್ಥ್ಯ 31.6 ಮಿಲಿವ್ಯಾಟ್, ಪಟ್ಟಿಯಲ್ಲಿ ಅದು ಹಿಂದಿನದಕ್ಕಿಂತ ಕಡಿಮೆ. ಇಳಿದ 0.12 ವೋಲ್ಟನ್ನು ಸೇರಿಸಿದಾಗ ಕೋಶದ ಮೇಲೆ 0.43 ವೋಲ್ಟ್, ಸಾಮರ್ಥ್ಯ ಸುಮಾರು 44 ಮಿಲಿವ್ಯಾಟ್ ಆಗಿ, ಹಿಂದಿನದನ್ನು ಮೀರುತ್ತದೆ. ಅಂದರೆ ತಂತಿಯ ರೋಧವು ಗರಿಷ್ಠ ಸಾಮರ್ಥ್ಯವನ್ನು ಹನ್ನೆರಡು ಮಿಲಿವ್ಯಾಟ್‌ನಷ್ಟು ತಗ್ಗಿಸಿದ್ದಷ್ಟೇ ಅಲ್ಲ, ಗರಿಷ್ಠ ಬಿಂದುವನ್ನೇ ರೇಖೆಯ ಮೇಲೆ ಬೇರೆ ಕಡೆಗೆ ಸರಿಸಿಬಿಟ್ಟಿದೆ. ತಿದ್ದಿದ ಮೇಲೆ ಫಿಲ್ ಫ್ಯಾಕ್ಟರ್ 0.66 ಬರುತ್ತದೆ. 0.7ಕ್ಕೆ ಉಳಿದ ಕೊರತೆ ಕೋಶದ್ದೇ ಸ್ವಂತ ಸರಣಿ ರೋಧದಿಂದ, ಬಹುಶಃ ಬೆಸುಗೆಯ ಜಾಗಗಳಿಂದ, ಬಂದಿರಬಹುದು. ಪ್ರಯೋಗಾಲಯದ ಹಳೆಯ ಕೋಶಕ್ಕೆ ಅದು ಕೆಟ್ಟ ಅಂಕಿಯೇನಲ್ಲ.

ನನ್ನ 1.2 ಓಮ್ ಊಹೆ ಸರಿಯೇ ಎಂದು ನೀವೇ ಪರೀಕ್ಷಿಸಬಹುದು. ರೋಧ ಪೆಟ್ಟಿಗೆಯನ್ನು ಸೊನ್ನೆಗೆ ಇಟ್ಟು, ವೋಲ್ಟ್‌ಮೀಟರಿನ ಕಡ್ಡಿಗಳನ್ನು ಕೋಶದ ತುದಿಗಳಿಗೇ ಮುಟ್ಟಿಸಿ. ನಿಜವಾದ ಶಾರ್ಟ್ ಸರ್ಕ್ಯೂಟ್ ಆಗಿದ್ದರೆ ಸೊನ್ನೆ ಬರಬೇಕು. 0.14 ವೋಲ್ಟ್ ಬಂದರೆ ಅದನ್ನು 0.119 ಆಂಪಿಯರ್‌ನಿಂದ ಭಾಗಿಸಿ: 1.2 ಓಮ್ ಸಿಗುತ್ತದೆ. ಪರಿಹಾರವೂ ಸುಲಭ. ಇಡೀ ಪ್ರಯೋಗದಲ್ಲಿ ವೋಲ್ಟ್‌ಮೀಟರನ್ನು ಪ್ರತ್ಯೇಕ ತಂತಿಗಳಿಂದ ನೇರವಾಗಿ ಕೋಶದ ತುದಿಗಳಿಗೇ ಜೋಡಿಸಿ. ಆಗ ಆಮ್ಮೀಟರಿನ ರೋಧವೂ ಹೊರೆಯ ಒಂದು ಭಾಗವಾಗಿಬಿಡುತ್ತದೆ, ಅಳತೆಯನ್ನು ಕೆಡಿಸುವುದಿಲ್ಲ. ಪ್ರವಾಹ ಸಾಗಿಸುವ ತಂತಿ ಬೇರೆ, ವೋಲ್ಟೇಜ್ ನೋಡುವ ತಂತಿ ಬೇರೆ ಎಂಬ ಈ ಪದ್ಧತಿಗೆ ನಾಲ್ಕು ತಂತಿಯ ಅಳತೆ ಎನ್ನುತ್ತಾರೆ.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಫಿಲಮೆಂಟ್ ಬಲ್ಬಿನ ಕೆಳಗೆ ಕೋಶ ಬಿಸಿಯಾಗುತ್ತದೆ, ಮತ್ತು ಸಿಲಿಕಾನ್ ಕೋಶದ ತೆರೆದ ಮಂಡಲದ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಅಳತೆ ಮುಗಿಯುವಷ್ಟರಲ್ಲಿ 15 ಡಿಗ್ರಿ ಏರಿದರೆ ರೇಖೆಯ ಒಂದು ತುದಿ ತಣ್ಣಗಿನ ಕೋಶದ್ದೂ ಇನ್ನೊಂದು ತುದಿ ಬಿಸಿ ಕೋಶದ್ದೂ ಆಗಿರುತ್ತದೆ. ಆರಂಭದಲ್ಲಿಯೂ ಕೊನೆಯಲ್ಲಿಯೂ ತೆರೆದ ಮಂಡಲದ ವೋಲ್ಟೇಜ್ ಅಳೆದು ಹೋಲಿಸಿದರೆ ಇದು ಗೊತ್ತಾಗುತ್ತದೆ. ಪಾವಗಡದಂಥ ಸೌರ ಪಾರ್ಕಿನಲ್ಲಿಯೂ ಇದೇ ಸಮಸ್ಯೆ ದೊಡ್ಡ ಪ್ರಮಾಣದಲ್ಲಿದೆ: ಮೋಡ ಬಂದಾಗ, ಫಲಕ ಕಾದಾಗ ಗರಿಷ್ಠ ಬಿಂದು ಸರಿಯುತ್ತಲೇ ಇರುತ್ತದೆ. ಆದ್ದರಿಂದ ಇನ್ವರ್ಟರುಗಳು ವೋಲ್ಟೇಜನ್ನು ಸ್ವಲ್ಪ ಸ್ವಲ್ಪ ಬದಲಿಸಿ, ಸಾಮರ್ಥ್ಯ ಏರಿತೋ ಇಳಿಯಿತೋ ಎಂದು ನೋಡಿಕೊಂಡು ಆ ಬಿಂದುವನ್ನು ಹಿಂಬಾಲಿಸುತ್ತವೆ.

ಫೋಟೊಡಯೋಡಿಗೆ ಸಾಮರ್ಥ್ಯ ಕೊಡುವ ಜವಾಬ್ದಾರಿಯಿಲ್ಲ. ಬೆಳಕು ಎಷ್ಟಿದೆ ಎಂಬುದನ್ನು ನಿಖರವಾಗಿಯೂ ಬೇಗನೆಯೂ ತಿಳಿಸುವುದು ಅದರ ಕೆಲಸ. ಮೇಲೆ ಹೇಳಿದ ಬಾಗು ಬೆಳಕಿನ ಪ್ರವಾಹವನ್ನು ತಿನ್ನುವುದರಿಂದ, ಬಾಗಿನಿಂದ ದೂರವಿರುವುದೇ ಅಳತೆಗೆ ಕ್ಷೇಮ. ರಿವರ್ಸ್ ಬಯಾಸ್ ಕೊಟ್ಟರೆ ರೇಖೆಯ ಮಟ್ಟಸವಾದ ಭಾಗದಲ್ಲಿಯೇ ಇರುತ್ತೇವೆ, ಪ್ರವಾಹ ಬೆಳಕಿಗೆ ನೇರ ಅನುಪಾತದಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ರಿವರ್ಸ್ ಬಯಾಸ್‌ನಲ್ಲಿ ಡಿಪ್ಲೀಷನ್ ಪದರ ಅಗಲವಾಗಿ ಸಂಧಿಯ ಕೆಪಾಸಿಟೆನ್ಸ್ ಕಡಿಮೆಯಾಗುತ್ತದೆ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಸಿಗುವ BPW34 ಫೋಟೊಡಯೋಡಿನಲ್ಲಿ ಅದು ಬಯಾಸ್ ಇಲ್ಲದಾಗ ಸುಮಾರು 70 ಪಿಕೊಫ್ಯಾರಡ್, 3 ವೋಲ್ಟ್ ರಿವರ್ಸ್ ಬಯಾಸ್‌ನಲ್ಲಿ ಸುಮಾರು 25. ಕೆಪಾಸಿಟೆನ್ಸ್ ಇಳಿದಷ್ಟೂ ಪ್ರತಿಕ್ರಿಯೆ ಚುರುಕು. ಇದಕ್ಕೆ ತೆರುವ ಬೆಲೆ ಕತ್ತಲೆಯಲ್ಲಿಯೂ ಹರಿಯುವ ಕೆಲವು ನ್ಯಾನೊಆಂಪಿಯರ್ ಸೋರಿಕೆ. ಹಾಗಾಗಿ ಅತಿ ಮಂದ ಬೆಳಕನ್ನು ನಿಧಾನವಾಗಿ ಅಳೆಯುವಾಗ ಬಯಾಸ್ ಕೊಡದೆಯೂ ಫೋಟೊಡಯೋಡನ್ನು ಬಳಸುತ್ತಾರೆ. ರಿವರ್ಸ್ ಬಯಾಸ್ ಕಡ್ಡಾಯವೆಂದು ತಿಳಿಯಬೇಕಾಗಿಲ್ಲ.

ಎಲ್‌ಇಡಿಯಲ್ಲಿ ನಾವು ಬಯಸುವುದೇ ಆ ಫಾರ್ವರ್ಡ್ ಪ್ರವಾಹವನ್ನು. ಹೊರಗಿನ ಮೂಲದಿಂದ ಎಲೆಕ್ಟ್ರಾನ್‌ಗಳನ್ನೂ ರಂಧ್ರಗಳನ್ನೂ ಸಂಧಿಗೆ ತಳ್ಳಿದಾಗ ಅವು ಒಂದಾಗಿ, ಶಕ್ತಿ ಅಂತರದಷ್ಟು ಶಕ್ತಿಯನ್ನು ಫೋಟಾನ್ ರೂಪದಲ್ಲಿ ಬಿಡುತ್ತವೆ. 1240ನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿರುವ ಶಕ್ತಿ ಅಂತರದಿಂದ ಭಾಗಿಸಿದರೆ ತರಂಗಾಂತರ ನ್ಯಾನೊಮೀಟರಿನಲ್ಲಿ ಸಿಗುತ್ತದೆ, 1.9 ಎಲೆಕ್ಟ್ರಾನ್ ವೋಲ್ಟ್ ಅಂತರಕ್ಕೆ ಸುಮಾರು 650 ನ್ಯಾನೊಮೀಟರಿನ ಕೆಂಪು. ಗ್ಯಾಲಿಯಂ ಆರ್ಸೆನೈಡಿನಂಥ ವಸ್ತುಗಳಲ್ಲಿ ಎಲೆಕ್ಟ್ರಾನ್ ನೇರವಾಗಿ ರಂಧ್ರವನ್ನು ಸೇರಬಲ್ಲದು. ಸಿಲಿಕಾನ್‌ನಲ್ಲಿ ಎರಡರ ಸಂವೇಗ ಹೊಂದುವುದಿಲ್ಲ. ಸ್ಫಟಿಕ ಜಾಲದ ಕಂಪನದ ನೆರವಿಲ್ಲದೆ ಅವು ಬೆಳಕು ಬಿಟ್ಟು ಒಂದಾಗಲಾರವು, ಅಷ್ಟರೊಳಗೆ ದೋಷದ ಜಾಗಗಳಲ್ಲಿ ಸೇರಿ ಬಹುಪಾಲು ಶಕ್ತಿಯನ್ನು ಶಾಖವಾಗಿಸುತ್ತವೆ. ಸಿಲಿಕಾನ್‌ನಿಂದ ದೀಪ ಮಾಡದಿರುವುದು ಈ ಕಾರಣಕ್ಕೆ.

ಆದರೂ ಕೊಡುವುದು, ಪಡೆಯುವುದು ಎಂಬ ಗೆರೆ ನೀವು ಭಾವಿಸಿದಷ್ಟು ಗಟ್ಟಿಯಲ್ಲ. ಕೆಂಪು ಎಲ್‌ಇಡಿಯ ಮೇಲೆ ಬಿಸಿಲು ಬೀಳಿಸಿ ಮಲ್ಟಿಮೀಟರ್ ಹಿಡಿದರೆ ಒಂದು ವೋಲ್ಟ್‌ಗಿಂತ ಹೆಚ್ಚು ಕಾಣುತ್ತದೆ. ವಿಸ್ತೀರ್ಣ ತೀರ ಚಿಕ್ಕದಾದ್ದರಿಂದ ಪ್ರವಾಹ ಮಾತ್ರ ಅತ್ಯಲ್ಪ. ಇನ್ನೊಂದು ಕಡೆ, ಸೌರಫಲಕಕ್ಕೆ ಕತ್ತಲೆಯಲ್ಲಿ ಫಾರ್ವರ್ಡ್ ಪ್ರವಾಹ ಹರಿಸಿದರೆ ಅದು 1100 ನ್ಯಾನೊಮೀಟರಿನ ಆಸುಪಾಸಿನಲ್ಲಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಮಂದವಾಗಿ ಹೊಮ್ಮಿಸುತ್ತದೆ. ಆ ತರಂಗಾಂತರವನ್ನು ಗ್ರಹಿಸುವ ಕ್ಯಾಮೆರಾದಿಂದ ಚಿತ್ರ ತೆಗೆದಾಗ, ಬಿರುಕು ಬಿಟ್ಟು ಮಂಡಲದಿಂದ ಬೇರೆಯಾದ ಭಾಗಗಳು ಕಪ್ಪಾಗಿ ಕಾಣುತ್ತವೆ. ಫಲಕ ತಯಾರಿಸುವವರು ಬರಿಗಣ್ಣಿಗೆ ಕಾಣದ ಬಿರುಕುಗಳನ್ನು ಪತ್ತೆ ಮಾಡುವುದು ಹೀಗೆಯೇ. ನಿಮ್ಮ ಕೋಶದ ಫಿಲ್ ಫ್ಯಾಕ್ಟರ್ ತಂತಿ ಸರಿಪಡಿಸಿದ ಮೇಲೂ 0.5ರ ಹತ್ತಿರವೇ ನಿಂತರೆ, ರೇಖೆಯ ಎರಡು ತುದಿಗಳನ್ನು ನೋಡಿ: ಎಡಭಾಗ ಮಟ್ಟಸವಾಗಿರದೆ ಇಳಿಜಾರಾಗಿದ್ದರೆ ಕೋಶದೊಳಗೆ ಸೋರಿಕೆಯ ದಾರಿ ಇದೆ, ಬಲಭಾಗ ಕಡಿದಾಗಿ ಇಳಿಯದೆ ಓರೆಯಾಗಿದ್ದರೆ ಬೆಸುಗೆಯಲ್ಲಿಯೋ ಲೋಹದ ಗೆರೆಗಳಲ್ಲಿಯೋ ಸರಣಿ ರೋಧ ಹೆಚ್ಚಾಗಿದೆ.